ಎರಡಕ್ಕೆ ಒಂದು: ರಷ್ಯನ್ ತಾಂತ್ರಿಕ ಅನುವಾದದಲ್ಲಿ ಪದಪಟ್ಟಿ ಮತ್ತು ಮೆಮರಿ



ರಷ್ಯನ್ ಅನುವಾದ ಎಂದಾಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಟಾಲ್‌ಸ್ಟಾಯ್, ಚೆಕಾಫ್ ನೆನಪಾಗುತ್ತಾರೆ. ನನ್ನ ವಯಸ್ಸಿನವರಿಗೆ ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಮೀರ್ ಪ್ರಕಾಶನದ ದಪ್ಪ ರಟ್ಟಿನ ವಿಜ್ಞಾನ ಪುಸ್ತಕಗಳೂ ನೆನಪಾಗಬಹುದು. ನಾನು ಇವತ್ತು ಮಾತಾಡುವುದು ಆ ಎರಡರ ಬಗ್ಗೆಯೂ ಅಲ್ಲ. ಪಂಪು, ಪೈಪು, ವಾಲ್ವುಗಳ ಕೈಪಿಡಿಗಳನ್ನು ರಷ್ಯನ್‌ನಿಂದ ಇಂಗ್ಲಿಷಿಗೆ ತರುವ ಕೆಲಸದ ಬಗ್ಗೆ. ಅದರಲ್ಲೂ ವರ್ಷಗಟ್ಟಲೆ ನಡೆಯುವ ಯೋಜನೆಯಲ್ಲಿ, ಹತ್ತಾರು ಕೈ ಬದಲಾದ ಮೇಲೂ ಒಂದು ಪದ ಒಂದೇ ಪದವಾಗಿ ಉಳಿಯುವಂತೆ ನೋಡಿಕೊಳ್ಳುವುದು ಹೇಗೆ ಎನ್ನುವುದರ ಬಗ್ಗೆ.

ವರ್ಷಗಟ್ಟಲೆ ಎಂದರೆ ಎಷ್ಟು? ಕೂಡಂಕುಳಂ ಅಣುವಿದ್ಯುತ್ ಸ್ಥಾವರವನ್ನೇ ತೆಗೆದುಕೊಳ್ಳಿ. ರಾಜೀವ್ ಗಾಂಧಿ ಮತ್ತು ಗೊರ್ಬಚೋವ್ ನಡುವೆ ಒಪ್ಪಂದವಾದದ್ದು 1988ರಲ್ಲಿ. ಸೋವಿಯತ್ ಒಕ್ಕೂಟವೇ ಇಲ್ಲವಾದ ಮೇಲೆ, 1998ರಲ್ಲಿ, ಅದಕ್ಕೆ ಮತ್ತೆ ಜೀವ ಬಂತು. ಕಟ್ಟಡದ ಕೆಲಸ ಶುರುವಾದದ್ದು 2002ರಲ್ಲಿ. ಮೊದಲ ಘಟಕ ವಿದ್ಯುತ್ ಜಾಲಕ್ಕೆ ಸೇರಿದ್ದು 2013ರಲ್ಲಿ, ಎರಡನೆಯದು 2016ರಲ್ಲಿ. ಮುಂದಿನ ಘಟಕಗಳ ಕಟ್ಟಡ ಈಗಲೂ ನಡೆಯುತ್ತಿದೆ. ಇಂಥ ಕೆಲಸದಲ್ಲಿ ಮೊದಲ ಕೈಪಿಡಿಯನ್ನು ಅನುವಾದಿಸಿದವರು ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿರುವಾಗ, ಅದೇ ಪಂಪಿನ ಹೊಸ ಆವೃತ್ತಿಯ ಕೈಪಿಡಿ ಇನ್ಯಾರದೋ ಮೇಜಿಗೆ ಬರುತ್ತದೆ. ಇಬ್ಬರೂ ಮುಖ ನೋಡಿಕೊಂಡವರಲ್ಲ. ಅವರ ನಡುವೆ ಇರುವುದು ಎರಡು ಕಡತ ಮಾತ್ರ: ಒಂದು ದ್ವಿಭಾಷಾ ಪದಪಟ್ಟಿ, ಇನ್ನೊಂದು ಟ್ರಾನ್ಸ್‌ಲೇಷನ್ ಮೆಮರಿ. ಆ ಸ್ಥಾವರದ ಒಳಗಿನ ಕಾಗದಪತ್ರಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಉದಾಹರಣೆಗಳೆಲ್ಲ ಯಾವ ರಷ್ಯನ್ ಕೈಪಿಡಿಯಲ್ಲಾದರೂ ಕಾಣುವಂಥವು.

ಎರಡೂ ಏನೆಂದು ಒಮ್ಮೆ ಹೇಳಿಬಿಡುತ್ತೇನೆ. ಪದಪಟ್ಟಿಯಲ್ಲಿ ಪರಿಕಲ್ಪನೆಗಳಿರುತ್ತವೆ. ಈ ರಷ್ಯನ್ ಪದಕ್ಕೆ ಈ ಯೋಜನೆಯಲ್ಲಿ ಈ ಇಂಗ್ಲಿಷ್ ಪದ, ಯಾಕೆ, ಯಾರು ಒಪ್ಪಿದರು ಎಂದು. ಮೆಮರಿಯಲ್ಲಿ ವಾಕ್ಯಗಳಿರುತ್ತವೆ. ಹಿಂದೆ ಅನುವಾದವಾದ ಪ್ರತಿ ವಾಕ್ಯವೂ ತನ್ನ ಇಂಗ್ಲಿಷ್ ಜೋಡಿಯೊಡನೆ ಅಲ್ಲಿ ಕೂತಿರುತ್ತದೆ. ಅಂಥದೇ ವಾಕ್ಯ ಮತ್ತೆ ಬಂದಾಗ ತಂತ್ರಾಂಶ ಹಳೆಯದನ್ನು ತೆಗೆದು ತೋರಿಸುತ್ತದೆ. ಪದಪಟ್ಟಿಯನ್ನು ಯಾರಾದರೂ ಕೂತು ಯೋಚಿಸಿ ಕಟ್ಟಬೇಕು. ಮೆಮರಿ ಕೆಲಸ ಮಾಡುತ್ತ ಹೋದಂತೆ ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿಯೇ ಎಲ್ಲ ಕಚೇರಿಗಳಲ್ಲೂ ಮೆಮರಿ ಇರುತ್ತದೆ, ಪದಪಟ್ಟಿ ‘ಆಮೇಲೆ ಮಾಡೋಣ’ ಎಂಬಲ್ಲೇ ಇರುತ್ತದೆ.

ಏಕರೂಪತೆ ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದು ‘ಒಂದಕ್ಕೆ ಎರಡು’ ಎಂಬ ತಪ್ಪು. ಒಂದೇ ರಷ್ಯನ್ ಪದಕ್ಕೆ ಐದನೇ ಪುಟದಲ್ಲಿ ಒಂದು ಇಂಗ್ಲಿಷ್ ಪದ, ಐವತ್ತನೇ ಪುಟದಲ್ಲಿ ಇನ್ನೊಂದು. ಇದು ಕಿರಿಕಿರಿ, ನಿಜ. ಆದರೆ ಕಣ್ಣಿಗೆ ಬೀಳುತ್ತದೆ, ತಂತ್ರಾಂಶವೂ ಹಿಡಿಯುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಅಪಾಯದ್ದು ಇದರ ತಿರುಗುಮುರುಗು, ‘ಎರಡಕ್ಕೆ ಒಂದು’. ರಷ್ಯನ್ ಬೇರೆ ಬೇರೆಯಾಗಿ ಇಟ್ಟ ಎರಡು ಸಂಗತಿಗಳು ಇಂಗ್ಲಿಷಿನಲ್ಲಿ ಒಂದೇ ಪದದೊಳಗೆ ಬಿದ್ದು ಕಲಸಿಹೋಗುವುದು. ಇದನ್ನು ಯಾರೂ ಹಿಡಿಯುವುದಿಲ್ಲ, ಯಾಕೆಂದರೆ ಅನುವಾದ ನೋಡಲು ಅಚ್ಚುಕಟ್ಟಾಗಿರುತ್ತದೆ, ಎಲ್ಲ ಕಡೆ ಅದೇ ಪದ ಇರುತ್ತದೆ. ಇವತ್ತಿನ ಮಾತೆಲ್ಲ ಸುತ್ತುವುದು ಇದರ ಸುತ್ತಲೇ.

ವಾಲ್ವುಗಳಿಂದ ಶುರು ಮಾಡೋಣ. ರಷ್ಯನ್‌ನಲ್ಲಿ ಕ್ಲಾಪನ್ ಎಂಬ ಪದವಿದೆ. ಯಾವ ನಿಘಂಟು ತೆಗೆದರೂ ಕ್ಲಾಪನ್ ಎಂದರೆ ವಾಲ್ವ್. ಹೊಸಬರು ಅದನ್ನೇ ಪದಪಟ್ಟಿಯ ಮೊದಲ ಸಾಲಿಗೆ ಹಾಕಿ ಮುಂದೆ ಹೋಗುತ್ತಾರೆ. ಆಮೇಲೆ ಜದ್ವೀಷ್ಕಾ ಬರುತ್ತದೆ. ಅದೂ ಪೈಪನ್ನು ಮುಚ್ಚಿ ತೆರೆಯುವ ಸಾಧನವೇ, ಅಂದರೆ ವಾಲ್ವೇ. ಕ್ರಾನ್ ಬರುತ್ತದೆ, ಜತ್ವೋರ್ ಬರುತ್ತದೆ, ಹಳೆಯ ಕೈಪಿಡಿಗಳಲ್ಲಿ ವೇಂತಿಲ್ ಬರುತ್ತದೆ. ಎಲ್ಲವೂ ವಾಲ್ವ್ ಎಂದು ಬರೆದರೆ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಸ್ಥಾವರದಲ್ಲಿ ನಿಂತ ಆಪರೇಟರನಿಗೆ ಯಾವುದನ್ನು ತಿರುಗಿಸಬೇಕೆಂದು ತಿಳಿಯುವುದಿಲ್ಲ. ಸ್ಟೋರ್ಸಿನವರಿಗೆ ಯಾವ ಬಿಡಿಭಾಗ ತರಿಸಬೇಕೆಂದು ತಿಳಿಯುವುದಿಲ್ಲ.

ಇಂಥಲ್ಲಿ ನಿಘಂಟನ್ನು ಬದಿಗಿಟ್ಟು ಗೋಸ್ತ್ ತೆಗೆಯಬೇಕು. ಗೋಸ್ತ್ ಎಂದರೆ ರಷ್ಯದ ಸರ್ಕಾರಿ ಮಾನಕ, ನಮ್ಮ ಐಎಸ್ಐ ಇದ್ದ ಹಾಗೆ. ಯಂತ್ರ, ವಸ್ತು, ಪರೀಕ್ಷೆಗಳಿಗೆ ಮಾತ್ರವಲ್ಲ, ಪದಗಳಿಗೂ ಅಲ್ಲಿ ಮಾನಕಗಳಿವೆ. ಇದು ರಷ್ಯನ್ ತಾಂತ್ರಿಕ ಭಾಷೆಯ ಒಂದು ವಿಶೇಷ. 1933ರಲ್ಲೇ ಸೋವಿಯತ್ ವಿಜ್ಞಾನ ಅಕಾಡೆಮಿಯಲ್ಲಿ ತಾಂತ್ರಿಕ ಪರಿಭಾಷೆಗಾಗಿ ಒಂದು ಸಮಿತಿ ಹುಟ್ಟಿತು. ಅದರ ಹಿಂದೆ ಇದ್ದವರು ವಾಯುಗತಿ ವಿಜ್ಞಾನಿ ಚಪ್ಲೀಗಿನ್ ಮತ್ತು ದ್ಮೀತ್ರಿ ಲೋತ್ತೆ ಎಂಬ ಎಂಜಿನಿಯರ್. ಒಂದು ಕ್ಷೇತ್ರದ ಪದಗಳನ್ನು ಬಿಡಿಬಿಡಿಯಾಗಿ ನೋಡಬೇಡಿ, ಮೊದಲು ಪರಿಕಲ್ಪನೆಗಳ ಸಂಬಂಧವನ್ನು ಜೋಡಿಸಿ, ಆಮೇಲೆ ಒಂದೊಂದಕ್ಕೆ ಒಂದೊಂದು ಹೆಸರು ಕೊಡಿ ಎಂಬುದು ಲೋತ್ತೆಯ ವಾದದ ತಿರುಳು. ಆಸ್ಟ್ರಿಯದ ವ್ಯೂಸ್ಟರ್ ಇದೇ ವಿಷಯದ ಮೇಲೆ 1931ರಲ್ಲಿ ಬರೆದ ಪುಸ್ತಕ 1935ರಲ್ಲೇ ರಷ್ಯನ್‌ಗೆ ಅನುವಾದವಾಯಿತು. ಆ ಪರಂಪರೆಯ ಫಲವಾಗಿ ಇವತ್ತು ‘ಪದಗಳು ಮತ್ತು ವ್ಯಾಖ್ಯೆಗಳು’ ಎಂಬ ಉಪಶೀರ್ಷಿಕೆಯ ಗೋಸ್ತ್‌ಗಳು ಬಹಳ ಇವೆ. ಹಲವುಗಳಲ್ಲಿ ಇಂಗ್ಲಿಷ್ ಸಮಾನಪದಗಳನ್ನೂ ಕೊಟ್ಟಿರುತ್ತಾರೆ. ಅವು ಮಾಹಿತಿಗಾಗಿ ಅಷ್ಟೇ, ಕಣ್ಣು ಮುಚ್ಚಿ ಒಪ್ಪಬಾರದು. ನಮಗೆ ಬೇಕಾದದ್ದು ವ್ಯಾಖ್ಯೆ.

ವಾಲ್ವುಗಳ ಮಾನಕ ಗೋಸ್ತ್ 24856. ಅದು ಮೊದಲು 1981ರಲ್ಲಿ ಬಂತು, 2014ರಲ್ಲಿ ಪರಿಷ್ಕಾರವಾಯಿತು. ಅದು ವಾಲ್ವುಗಳ ಮುಖ್ಯ ಬಗೆಗಳನ್ನು ವಿಂಗಡಿಸುವುದು ಮುಚ್ಚುವ ಭಾಗ ಯಾವ ದಿಕ್ಕಿಗೆ ಚಲಿಸುತ್ತದೆ ಎಂಬ ಒಂದೇ ಪ್ರಶ್ನೆಯಿಂದ. ಹರಿವಿಗೆ ಅಡ್ಡವಾಗಿ ಹಲಗೆ ಇಳಿದರೆ ಅದು ಜದ್ವೀಷ್ಕಾ. ಹರಿವಿನ ಅಕ್ಷದ ಉದ್ದಕ್ಕೇ ಚಲಿಸಿ ಕೂತರೆ ಕ್ಲಾಪನ್. ತನ್ನ ಅಕ್ಷದ ಮೇಲೆ ತಿರುಗಿದರೆ ಕ್ರಾನ್. ತಟ್ಟೆಯಂಥ ಭಾಗ ತಿರುಗಿ ಹರಿವಿಗೆ ಅಡ್ಡ ನಿಂತರೆ ಜತ್ವೋರ್. ಈ ನಾಲ್ಕನ್ನೂ ಒಟ್ಟಾಗಿ ಕರೆಯುವ ಹೆಸರು ಅರ್ಮತೂರಾ. ಈಗ ಇಂಗ್ಲಿಷಿನ ಕಡೆ ನೋಡಿ. ಹಲಗೆ ಇಳಿಯುವುದು ಗೇಟ್ ವಾಲ್ವ್, ಅಕ್ಷದ ಉದ್ದಕ್ಕೆ ಚಲಿಸುವುದು ಗ್ಲೋಬ್ ವಾಲ್ವ್, ತಿರುಗುವುದು ಬಾಲ್ ವಾಲ್ವ್ ಅಥವಾ ಪ್ಲಗ್ ವಾಲ್ವ್, ತಟ್ಟೆಯದು ಬಟರ್‌ಫ್ಲೈ ವಾಲ್ವ್. ಹಾಗಾದರೆ ಬರೀ ‘ವಾಲ್ವ್’ ಎಂಬುದಕ್ಕೆ ಎದುರಾಗಿ ನಿಲ್ಲುವುದು ಯಾವುದು? ಕ್ಲಾಪನ್ ಅಲ್ಲ, ಅರ್ಮತೂರಾ. ನಿಘಂಟಿನಲ್ಲಿ ಅರ್ಮತೂರಾ ಹುಡುಕಿದರೆ ‘ಫಿಟಿಂಗ್ಸ್’ ಎಂದೋ ‘ಆರ್ಮೇಚರ್’ ಎಂದೋ ಸಿಗುತ್ತದೆ. ಅದೇ ಪದವನ್ನು ಕಟ್ಟಡದ ನಕ್ಷೆಯಲ್ಲಿ ನೋಡಿದರೆ ಕಾಂಕ್ರೀಟಿನ ಒಳಗಿನ ಕಬ್ಬಿಣದ ಸರಳು.

ಇಷ್ಟು ತಿಳಿದ ಮೇಲೆ ಪದಪಟ್ಟಿಯ ನಮೂದು ಹೀಗಿರುತ್ತದೆ:

```
ru: задвижка
en: gate valve
field: piping
def: ГОСТ 24856
status: approved
avoid: valve; latch; slide
```

ಆರು ಸಾಲು ಅಷ್ಟೇ. ಇದರಲ್ಲಿ ಬಹಳ ಜನ ಬಿಟ್ಟುಬಿಡುವುದು ಮೂರನೆಯದನ್ನು ಮತ್ತು ಕೊನೆಯದನ್ನು. ಕ್ಷೇತ್ರ ಬರೆಯದಿದ್ದರೆ ಪೈಪಿನ ಅರ್ಮತೂರಾ, ಕಾಂಕ್ರೀಟಿನ ಅರ್ಮತೂರಾ ಎರಡಕ್ಕೂ ಬೇರೆ ಬೇರೆ ನಮೂದು ಮಾಡಲಾಗುವುದಿಲ್ಲ. ಬಳಸಬಾರದ ಪದಗಳ ಸಾಲು ಇಲ್ಲದಿದ್ದರೆ ತಪಾಸಣೆ ತಂತ್ರಾಂಶಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಈ ಕೊನೆಯ ಸಾಲಿನ ಉಪಾಯವನ್ನೂ ಗೋಸ್ತ್‌ಗಳೇ ಕಲಿಸಿದವು. ಸೋವಿಯತ್ ಕಾಲದ ಪದಮಾನಕಗಳಲ್ಲಿ ಒಪ್ಪಿದ ಪದದ ಕೆಳಗೆ ‘ಬಳಸಕೂಡದು’ ಎಂಬ ಗುರುತಿನೊಡನೆ ಬೇಡದ ಪದಗಳನ್ನೂ ಅಚ್ಚು ಹಾಕುತ್ತಿದ್ದರು. ವೇಂತಿಲ್ ಅಂಥ ಪದ. ಮಾನಕ ಅದನ್ನು ಹೊರಗಿಟ್ಟು ದಶಕಗಳೇ ಆದವು, ಕಾರ್ಖಾನೆಯ ಕೈಪಿಡಿ ಬರೆಯುವವರು ಮಾತ್ರ ಇನ್ನೂ ಬಿಟ್ಟಿಲ್ಲ. ಆದ್ದರಿಂದ ನಮ್ಮ ಪಟ್ಟಿಯಲ್ಲಿ ವೇಂತಿಲ್‌ಗೂ ಒಂದು ಸಾಲು ಬೇಕು: ಇದು ಕ್ಲಾಪನ್‌ನ ಹಳೆಯ ಹೆಸರು, ಗ್ಲೋಬ್ ವಾಲ್ವ್ ಎಂದೇ ಬರೆಯಿರಿ.

ಇದನ್ನು ಹಟ ಎನ್ನಬೇಡಿ. ‘ವೇಂತಿಲನ್ನು ಸ್ವಲ್ಪ ತೆರೆಯಿರಿ’ ಎಂದು ಕೈಪಿಡಿ ಹೇಳಿದರೆ ಹರಿವನ್ನು ಹದ ಮಾಡಿ ಎಂದರ್ಥ. ಗ್ಲೋಬ್ ವಾಲ್ವಿನಲ್ಲಿ ಅದು ಸಾಧ್ಯ. ಅನುವಾದಕ ಅದನ್ನು ಗೇಟ್ ವಾಲ್ವ್ ಎಂದು ಬರೆದ ಎನ್ನಿ. ಗೇಟ್ ವಾಲ್ವ್ ಇರುವುದು ಪೂರ್ತಿ ತೆರೆಯಲು ಅಥವಾ ಪೂರ್ತಿ ಮುಚ್ಚಲು. ಅರ್ಧ ತೆರೆದಿಟ್ಟರೆ ಹಲಗೆಯ ಕೆಳಗಿನ ಕಿರಿದಾದ ಸಂದಿಯಲ್ಲಿ ನೀರು ರಭಸವಾಗಿ ನುಗ್ಗುತ್ತದೆ. ಹಲಗೆ ಅದುರುತ್ತದೆ, ಅದು ಕೂರುವ ಅಂಚು ಸವೆಯುತ್ತದೆ, ಆಮೇಲೆ ಪೂರ್ತಿ ಮುಚ್ಚಿದರೂ ಸೋರುತ್ತದೆ. ಎಂಜಿನಿಯರ್ ಓದಿದರೆ ‘ಗೇಟ್ ವಾಲ್ವನ್ನು ಸ್ವಲ್ಪ ತೆರೆಯಿರಿ ಎಂದಿದೆಯಲ್ಲ, ವಿಚಿತ್ರ’ ಎಂದು ನಿಲ್ಲುತ್ತಾನೆ. ಬರೀ ‘ವಾಲ್ವ್’ ಎಂದಿದ್ದರೆ ನಿಲ್ಲುವುದೇ ಇಲ್ಲ. ತಪ್ಪು ಪದಕ್ಕಿಂತ ಮಸುಕು ಪದ ಕೆಟ್ಟದ್ದು ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದು ತೊಡಕು ನಮ್ಮ ಕಡೆಯದೇ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವನ್ನು ನಮ್ಮ ಎಂಜಿನಿಯರುಗಳೂ ಪ್ಲಂಬರುಗಳೂ ಎನ್ಆರ್‌ವಿ ಎನ್ನುತ್ತಾರೆ. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನ ಪೈಪಿನಲ್ಲೂ ಅದೇ ಇರುವುದು. ರಷ್ಯನ್ ಮಾನಕದಲ್ಲಿ ಅದಕ್ಕೆ ಎರಡು ಹೆಸರು. ಮೇಲಕ್ಕೆದ್ದು ಕೆಳಕ್ಕೆ ಕೂರುವ ಬಗೆಯದು ಕ್ಲಾಪನ್ ವರ್ಗಕ್ಕೆ ಸೇರಿದ್ದು, ಬಾಗಿಲಿನಂತೆ ತೂಗಾಡುವ ಬಗೆಯದು ಜತ್ವೋರ್ ವರ್ಗಕ್ಕೆ. ಎರಡನ್ನೂ ಎನ್ಆರ್‌ವಿ ಎಂದು ಬರೆದರೆ ಓದುವವರಿಗೆ ಬಲು ಸಲೀಸು. ಆದರೆ ಬಿಡಿಭಾಗದ ಪಟ್ಟಿಯಲ್ಲಿ ಎರಡೂ ಒಂದಾದವು. ಓದುವವರ ನಾಲಿಗೆಗೆ ಹತ್ತಿದ ಪದವನ್ನು ಬಿಡಬಾರದು, ಹಾಗೆಂದು ಭೇದವನ್ನೂ ಬಿಡಬಾರದು. ‘ಲಿಫ್ಟ್ ಟೈಪ್ ಎನ್ಆರ್‌ವಿ’, ‘ಸ್ವಿಂಗ್ ಟೈಪ್ ಎನ್ಆರ್‌ವಿ’ ಎಂದರೆ ಮುಗಿಯಿತು. ಇಂಗ್ಲೆಂಡಿನವರು ಏನೆನ್ನುತ್ತಾರೆ ಎನ್ನುವುದು ಇಲ್ಲಿ ಮುಖ್ಯವಲ್ಲ.

ಈಗ ಎರಡಕ್ಕೆ ಒಂದು ಎಂಬ ತಪ್ಪನ್ನು ಹಿಡಿಯುವ ಉಪಾಯಕ್ಕೆ ಬರುತ್ತೇನೆ. ಬಹಳ ಸರಳ, ಆದರೆ ಮಾಡುವವರು ಕಡಿಮೆ. ಪದಪಟ್ಟಿಯನ್ನು ಎಲ್ಲರೂ ರಷ್ಯನ್ ಅಕಾರಾದಿಯಲ್ಲಿ ಇಟ್ಟುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಅದನ್ನು ಇಂಗ್ಲಿಷ್ ಕಂಬದ ಪ್ರಕಾರ ಜೋಡಿಸಿ. ಎಕ್ಸೆಲ್‌ನಲ್ಲಿ ಎರಡು ಕ್ಲಿಕ್ಕಿನ ಕೆಲಸ. ಆಗ ಇಂಥದು ಕಾಣಬಹುದು:

```
inspection | контроль
inspection | осмотр
inspection | освидетельствование
inspection | проверка
inspection | поверка
```

ಒಂದೇ ‘ಇನ್ಸ್‌ಪೆಕ್ಷನ್’ ಐದು ರಷ್ಯನ್ ಪದಗಳನ್ನು ನುಂಗಿ ಕೂತಿದೆ. ಇದನ್ನು ಬಿಡಿಸೋಣ. ಮೊದಲನೆಯದು ಕಂತ್ರೋಲ್. ಕೇಳಲು ಕಂಟ್ರೋಲ್, ಆದರೆ ಹೆಚ್ಚಿನ ಕಡೆ ಅದು ನಿಗಾ ಅಥವಾ ತಪಾಸಣೆ. ಯಂತ್ರವನ್ನು ನಿಯಂತ್ರಿಸುವುದಕ್ಕೆ ರಷ್ಯನ್‌ನಲ್ಲಿ ಬೇರೆ ಪದವೇ ಇದೆ. ಎರಡನೆಯದು ಅಸ್ಮೋತರ್, ಕಣ್ಣಿನಿಂದ ನೋಡುವುದು. ಬಿರುಕಿದೆಯೆ, ಸೋರಿಕೆ ಇದೆಯೆ, ಬೋಲ್ಟು ಸಡಿಲವೆ ಎಂದು. ಇಂಗ್ಲಿಷಿನಲ್ಲಿ ‘ವಿಷುವಲ್ ಎಕ್ಸಾಮಿನೇಷನ್’ ಎಂದು ಪಕ್ಕಾ ಮಾಡಬಹುದು. ಮೂರನೆಯದು ಒತ್ತಡದ ಪಾತ್ರೆ, ಕ್ರೇನುಗಳಿಗೆ ಕಾನೂನು ವಿಧಿಸಿದ ಅವಧಿಗೊಮ್ಮೆ ಆಗಲೇಬೇಕಾದ ಅಧಿಕೃತ ಪರೀಕ್ಷೆ. ನಮ್ಮಲ್ಲಿ ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕುತ್ತಾರಲ್ಲ, ಆ ಜಾತಿಯದು. ಇದನ್ನು ಫಿಟ್ಟರ್ ಮಾಡುವ ಅಸ್ಮೋತರ್ ಜೊತೆ ಒಂದೇ ಪದದಲ್ಲಿ ಕಟ್ಟಿದರೆ, ‘ಇನ್ಸ್‌ಪೆಕ್ಷನ್ ಆಯಿತು’ ಎಂಬ ದಾಖಲೆಗೆ ಎರಡು ಅರ್ಥ ಬರುತ್ತದೆ.

ಉಳಿದ ಎರಡು ಇನ್ನೂ ಮಜವಾಗಿವೆ. ಪ್ರವೇರ್ಕಾ, ಪವೇರ್ಕಾ. ಬರೆಯುವಾಗ ಒಂದೇ ಅಕ್ಷರದ ವ್ಯತ್ಯಾಸ, ಒಂದು ರಕಾರ. ಪ್ರವೇರ್ಕಾ ಎಂದರೆ ಸಾಮಾನ್ಯವಾಗಿ ಪರಿಶೀಲಿಸುವುದು, ಚೆಕ್ ಮಾಡುವುದು. ಪವೇರ್ಕಾ ಎಂದರೆ ಅಳೆಯುವ ಸಾಧನ ಸರಿಯಾಗಿದೆ ಎಂದು ಅಧಿಕಾರವುಳ್ಳ ಸಂಸ್ಥೆ ಪ್ರಮಾಣೀಕರಿಸುವುದು. ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯವರು ಅವಧಿಗೊಮ್ಮೆ ಮುದ್ರೆ ಹಾಕುವುದು ಈ ಬಗೆಯ ಕೆಲಸ. ಅದನ್ನು ನಮ್ಮ ಕಾನೂನಿನ ಇಂಗ್ಲಿಷಿನಲ್ಲಿ ‘ವೆರಿಫಿಕೇಷನ್’ ಎನ್ನುತ್ತಾರೆ. ನಮಗೆ ಬೇಕಾದ ಪದ ಅದೇ. ‘ಕ್ಯಾಲಿಬ್ರೇಷನ್’ ಎಂದು ಬರೆಯುವ ಆಸೆಯಾಗುತ್ತದೆ, ಬೇಡ, ಅದಕ್ಕೆ ರಷ್ಯನ್‌ನಲ್ಲಿ ಅದೇ ಧ್ವನಿಯ ಇನ್ನೊಂದು ಪದವಿದೆ. ಹಳೆಯ ಕೈಪಿಡಿಗಳು ಸ್ಕ್ಯಾನ್ ಆಗಿ ಬರುವಾಗ ಆ ಒಂದು ಅಕ್ಷರ ಮಾಯವಾಗುವುದುಂಟು. ಎರಡೂ ಶುದ್ಧ ರಷ್ಯನ್ ಪದಗಳಾದ್ದರಿಂದ ಕಾಗುಣಿತ ತಪಾಸಣೆಗೆ ಏನೂ ತೋಚುವುದಿಲ್ಲ. ಹಿಡಿಯುವ ದಾರಿ ಒಂದೇ. ಪಕ್ಕದಲ್ಲಿ ಏನಿದೆ ನೋಡಿ. ಪ್ರೆಶರ್ ಗೇಜಿನ ಪಕ್ಕದಲ್ಲಿ ಅವಧಿ, ಪ್ರಮಾಣಪತ್ರ ಎಂಬ ಮಾತಿದ್ದರೆ ಪವೇರ್ಕಾ ಇರಬೇಕು. ಬೋಲ್ಟಿನ ಬಿಗಿತದ ಪಕ್ಕದಲ್ಲಿ ಪವೇರ್ಕಾ ಕಂಡರೆ ಅದು ಸ್ಕ್ಯಾನಿನ ಕರಾಮತ್ತು.

ಇಷ್ಟಾದ ಮೇಲೂ ಪದಪಟ್ಟಿ ತಾನಾಗಿ ಕೆಲಸ ಮಾಡುವುದಿಲ್ಲ. ವಾಕ್ಯದಲ್ಲಿ ಪದ ಬಂದಾಗ ತಂತ್ರಾಂಶ ಗುರುತಿಸಬೇಕು. ಇಲ್ಲಿ ರಷ್ಯನ್ ವಿಭಕ್ತಿಗಳು ಅಡ್ಡ ಬರುತ್ತವೆ. ವಿಭಕ್ತಿ ನಮಗೆ ಹೊಸದಲ್ಲ. ಪಂಪು, ಪಂಪಿನ, ಪಂಪಿಗೆ, ಪಂಪಿನಿಂದ ಎಂದು ನಾವೂ ಹೇಳುತ್ತೇವೆ. ರಷ್ಯನ್‌ನಲ್ಲಿ ಪಂಪಿಗೆ ನಸೋಸ್ ಎನ್ನುತ್ತಾರೆ. ಏಕವಚನ, ಬಹುವಚನ ಸೇರಿ ಅದರ ರೂಪಗಳು ಹತ್ತು. ಆದರೆ ಎಲ್ಲದರ ಮುಂಭಾಗ ಒಂದೇ, ಬಾಲ ಮಾತ್ರ ಬೇರೆ. ಮುಂಭಾಗ ಕೊಟ್ಟು ಹುಡುಕಿದರೆ ಎಲ್ಲ ಸಿಗುತ್ತವೆ. ಜದ್ವೀಷ್ಕಾ ಹಾಗಲ್ಲ. ‘ಗೇಟ್ ವಾಲ್ವುಗಳ’ ಎಂಬ ಷಷ್ಠಿ ಬಹುವಚನದಲ್ಲಿ ಪದದ ಹೊಟ್ಟೆಯೊಳಗೇ ಒಂದು ಸ್ವರ ಬಂದು ಸೇರುತ್ತದೆ:

```
задвижка  задвижки  задвижке  задвижек
search:   задвижк       (misses задвижек)
use:      задвиж(к|ек)
```

ಬಿಡಿಭಾಗಗಳ ಪಟ್ಟಿಯಲ್ಲಿ, ‘12 ಗೇಟ್ ವಾಲ್ವುಗಳು’ ಎಂಬಂಥಲ್ಲಿ, ಬರುವುದು ಇದೇ ಕೊನೆಯ ರೂಪ. ರಷ್ಯನ್‌ನಲ್ಲಿ ಐದು ಮತ್ತು ಅದಕ್ಕಿಂತ ದೊಡ್ಡ ಸಂಖ್ಯೆಗಳ ಮುಂದೆ ಸಾಮಾನ್ಯವಾಗಿ ಷಷ್ಠಿ ಬಹುವಚನ ಬೇಕು. ಅಂದರೆ ಪದಪಟ್ಟಿ ಅತಿ ಹೆಚ್ಚು ಬೇಕಾಗುವ ಜಾಗದಲ್ಲೇ ಅದು ಮೌನವಾಗುತ್ತದೆ. ಅದು ಮೌನವಾಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನನ್ನ ಸಲಹೆ, ಹೊಸ ನಮೂದು ಹಾಕಿದ ದಿನವೇ ಹಳೆಯ ಕಡತಗಳಲ್ಲಿ ಅದನ್ನು ಹುಡುಕಿ ನೋಡಿ. ಷಷ್ಠಿ ಬಹುವಚನ ಸಿಕ್ಕಿತೆ ಎಂದು ಖಾತ್ರಿ ಮಾಡಿಕೊಳ್ಳಿ. ಪಟ್ಟಿಗಳಲ್ಲಿ ಪದಕ್ರಮವೂ ತಿರುಗುತ್ತದೆ. ವಾಕ್ಯದಲ್ಲಿ ವಿಶೇಷಣ ಮುಂದೆ, ಪಟ್ಟಿಯಲ್ಲಿ ನಾಮಪದ ಮುಂದೆ. ಎರಡು ಪದದ ನಮೂದುಗಳಿಗೆ ಎರಡೂ ಕ್ರಮ ಬರೆದಿಡಬೇಕು.

ಎಷ್ಟು ಪದ ಬೇಕು ಎಂದು ಕೇಳುವವರಿದ್ದಾರೆ. ಶುರುವಿಗೆ 200ರಿಂದ 300 ಸಾಕು ಎಂಬುದು ನನ್ನ ಅಭಿಪ್ರಾಯ. ಸಾವಿರಾರು ಪದಗಳ ಪಟ್ಟಿ ನೋಡಲು ಚೆಂದ, ಅದರಲ್ಲಿ ಬೋಲ್ಟಿಗೆ ಬೋಲ್ಟ್ ಎಂಬಂಥವೇ ಹೆಚ್ಚು. ಇಬ್ಬರು ಒಳ್ಳೆಯ ಅನುವಾದಕರು ಬೇರೆ ಬೇರೆಯಾಗಿ ಬರೆಯಬಹುದಾದ ಪದಗಳು ಮಾತ್ರ ಪಟ್ಟಿಯಲ್ಲಿರಲಿ.

ಇನ್ನು ಮೆಮರಿ. ಇದು ವಾಕ್ಯವನ್ನು ಸೆಗ್ಮೆಂಟ್ ಎಂಬ ತುಂಡುಗಳಾಗಿ ಇಟ್ಟುಕೊಳ್ಳುತ್ತದೆ. ಹೊಸ ತುಂಡು ಹಳೆಯದರೊಡನೆ ಪೂರ್ತಿ ಹೊಂದಿದರೆ ನೂರಕ್ಕೆ ನೂರು. ಭಾಗಶಃ ಹೊಂದಿದರೆ ಫಜಿ ಮ್ಯಾಚ್ ಎನ್ನುತ್ತಾರೆ. ಸಾಮಾನ್ಯವಾಗಿ ಶೇಕಡ 70 ಅಥವಾ 75ರ ಮೇಲೆ ಹೊಂದಿದರೆ ತಂತ್ರಾಂಶ ತೋರಿಸುತ್ತದೆ. ಈ ಶೇಕಡಾವಾರು ಅಳೆಯುವುದು ಅಕ್ಷರ, ಪದಗಳ ಹೋಲಿಕೆಯನ್ನು. ಅರ್ಥದ ಹೋಲಿಕೆಯನ್ನಲ್ಲ. ಈ ಎರಡು ವಾಕ್ಯ ನೋಡಿ:

```
Допускается работа насоса при закрытой задвижке.
Не допускается работа насоса при закрытой задвижке.
```

ಮೊದಲನೆಯದರ ಅರ್ಥ, ಗೇಟ್ ವಾಲ್ವ್ ಮುಚ್ಚಿದ್ದಾಗ ಪಂಪು ಓಡಿಸಬಹುದು. ಎರಡನೆಯದು, ಓಡಿಸಕೂಡದು. ನಡುವೆ ಇರುವುದು ಎರಡಕ್ಷರದ ಒಂದು ಪದ. ನಾವು ಕನ್ನಡದಲ್ಲಿ ‘ಕೂಡದು’ ಎನ್ನುವುದನ್ನು ವಾಕ್ಯದ ಕೊನೆಗೆ ಹೇಳುತ್ತೇವೆ, ಅದು ಕಿವಿಯಲ್ಲಿ ಉಳಿಯುತ್ತದೆ. ರಷ್ಯನ್ ಅದನ್ನು ಶುರುವಿನಲ್ಲೇ ಹೇಳಿ ಮುಗಿಸುತ್ತದೆ, ಕಣ್ಣು ದಾಟಿ ಮುಂದೆ ಹೋಗಿಬಿಡುತ್ತದೆ. ಮೆಮರಿಗೆ ಇವೆರಡೂ ಬಹಳ ಹತ್ತಿರದ ನೆಂಟರು. ಎರಡನೆಯದು ಬಂದಾಗ ಮೊದಲನೆಯದರ ಇಂಗ್ಲಿಷನ್ನು ಎತ್ತಿ ಮುಂದಿಡುತ್ತದೆ.

ಓದಿದವರಿಗೆ ಅರ್ಥದಿಂದ ತಿಳಿಯುವುದಿಲ್ಲವೆ? ಇಲ್ಲಿ ತಿಳಿಯದು. ಎರಡೂ ವಾಕ್ಯ ಬೇರೆ ಬೇರೆ ಪಂಪಿಗೆ ನಿಜವಾಗಬಲ್ಲವು. ಸೆಂಟ್ರಿಫ್ಯೂಗಲ್ ಪಂಪನ್ನು ಹೊರದಾರಿಯ ವಾಲ್ವ್ ಮುಚ್ಚಿಟ್ಟೇ ಚಾಲೂ ಮಾಡುವುದು ರೂಢಿ. ನೀರು ಹರಿಯದಿದ್ದಾಗ ಮೋಟರಿನ ಮೇಲೆ ಹೊರೆ ಕಡಿಮೆ. ಆದರೆ ಹಾಗೇ ಬಹಳ ಹೊತ್ತು ಬಿಟ್ಟರೆ ಒಳಗಿನ ನೀರು ಅಲ್ಲೇ ಕಡೆದು ಕಡೆದು ಬಿಸಿಯೇರುತ್ತದೆ, ಆದ್ದರಿಂದ ‘ಇಷ್ಟು ನಿಮಿಷ ಮಾತ್ರ’ ಎಂಬ ಮಿತಿ ಇರುತ್ತದೆ. ಆಕ್ಸಿಯಲ್ ಪಂಪು ಇದಕ್ಕೆ ತದ್ವಿರುದ್ಧ. ಹರಿವು ನಿಂತಾಗಲೇ ಅದರ ಮೋಟರಿಗೆ ಹೊರೆ ಜಾಸ್ತಿ, ವಾಲ್ವ್ ಮುಚ್ಚಿ ಓಡಿಸಿದರೆ ಮೋಟರಿಗೆ ಕೇಡು. ಒಂದು ದೊಡ್ಡ ವಿದ್ಯುತ್ ಸ್ಥಾವರದಲ್ಲಿ ಎರಡು ಬಗೆಯ ಪಂಪುಗಳೂ ಇರಬಹುದು, ಎರಡರ ಕೈಪಿಡಿಯೂ ಒಂದೇ ಮೆಮರಿಗೆ ಬೀಳುತ್ತದೆ. ಮೊದಲ ಕೈಪಿಡಿಯ ಅನುಮತಿ ಎರಡನೆಯ ಕೈಪಿಡಿಗೆ ನುಸುಳಿದರೆ, ಪಂಪು ಬಲ್ಲ ವಿಮರ್ಶಕನಿಲ್ಲದೆ ಹಿಡಿಯುವುದು ಕಷ್ಟ.

ಕಷ್ಟವನ್ನು ಹೆಚ್ಚಿಸುವ ಸಂಗತಿ ಹಣದ್ದು. ನಮ್ಮ ವೃತ್ತಿಯಲ್ಲಿ ಫಜಿ ಮ್ಯಾಚಿಗೆ ಪೂರ್ತಿ ದರ ಕೊಡುವುದಿಲ್ಲ. ಹೋಲಿಕೆ ಹೆಚ್ಚಿದಷ್ಟೂ ದರ ಇಳಿಯುತ್ತದೆ. ಅಂದರೆ ಅತಿ ಹೆಚ್ಚು ಗಮನ ಬೇಡುವ ವಾಕ್ಯಕ್ಕೆ ಅತಿ ಕಡಿಮೆ ಕಾಸು. ಇದನ್ನು ಬದಲಿಸಿ ಎಂದು ಹೇಳಿ ನಾನು ಸೋತಿದ್ದೇನೆ. ಬದಲಿಗೆ ಮಾಡಬಹುದಾದದ್ದು ಒಂದು ಯಾಂತ್ರಿಕ ಜರಡಿ. ಕಡತ ಒಪ್ಪಿಸುವ ಮುಂಚೆ, ರಷ್ಯನ್ ಕಡೆ ‘ನ್ಯೆ’ ಎಂಬ ನಿಷೇಧ ಪದವಿದ್ದು ಇಂಗ್ಲಿಷ್ ಕಡೆ ನಿಷೇಧವಿಲ್ಲದ ಸೆಗ್ಮೆಂಟುಗಳನ್ನೆಲ್ಲ ಒಂದೆಡೆ ತೆಗೆಯಿರಿ, ಅದರ ತಿರುಗುಮುರುಗನ್ನೂ ತೆಗೆಯಿರಿ. ಸುಳ್ಳು ಎಚ್ಚರಿಕೆಗಳು ಬೇಕಾದಷ್ಟು ಬರುತ್ತವೆ. ‘ಕನಿಷ್ಠ’ ಎನ್ನುವುದಕ್ಕೆ ರಷ್ಯನ್‌ನಲ್ಲಿ ‘ಕಡಿಮೆಯಲ್ಲದ’ ಎನ್ನುತ್ತಾರೆ, ‘ಗರಿಷ್ಠ’ಕ್ಕೆ ‘ಹೆಚ್ಚಲ್ಲದ’. ಅವೆಲ್ಲವೂ ಈ ಜರಡಿಯಲ್ಲಿ ಸಿಗುತ್ತವೆ. ಸಿಗಲಿ, ಅವನ್ನೂ ಒಮ್ಮೆ ನೋಡಬೇಕಾದದ್ದೇ, ಯಾಕೆಂದರೆ ಈ ಎರಡೂ ತಮ್ಮ ನಡುವೆ ಅದಲುಬದಲಾಗುವುದು ಇನ್ನೊಂದು ಮಾಮೂಲಿ ತಪ್ಪು.

ನೂರಕ್ಕೆ ನೂರು ಹೊಂದಿದರೂ ನಿರಾಳವಾಗಬೇಡಿ. ಸೆಗ್ಮೆಂಟ್ ಚಿಕ್ಕದಾದಷ್ಟೂ ಮೆಮರಿ ನಂಬಿಕೆಗೆ ಅನರ್ಹ. ‘ದೋಪುಸ್ಕ್’ ಎಂಬ ಒಂದೇ ಪದ ನಕ್ಷೆಯ ಕೋಷ್ಟಕದಲ್ಲಿ ಬಂದರೆ ಅಳತೆಯಲ್ಲಿ ಬಿಡಬಹುದಾದ ಹೆಚ್ಚುಕಡಿಮೆ, ಅಂದರೆ ಟಾಲರೆನ್ಸ್. ಅದೇ ಪದ ಸುರಕ್ಷತೆಯ ಅಧ್ಯಾಯದ ಶೀರ್ಷಿಕೆಯಾದರೆ ಕೆಲಸದ ಜಾಗಕ್ಕೆ ಸಿಬ್ಬಂದಿಯನ್ನು ಬಿಡುವ ಪರವಾನಗಿ. ಮೂರು ಪದಕ್ಕಿಂತ ಚಿಕ್ಕ ಸೆಗ್ಮೆಂಟುಗಳನ್ನು ಮೆಮರಿ ತಾನೇ ತುಂಬದಂತೆ ನಾನು ನಿಲ್ಲಿಸಿಡುತ್ತೇನೆ. ಸಂಕ್ಷಿಪ್ತ ರೂಪಗಳದ್ದೂ ಇದೇ ಕತೆ. ‘ಕೆಡಿ’ ಎಂಬ ಎರಡಕ್ಷರ ರಿಯಾಕ್ಟರಿನ ಕಾಗದದಲ್ಲಿ ಒತ್ತಡ ಸರಿದೂಗಿಸುವ ಪಾತ್ರೆ, ವಿನ್ಯಾಸ ವಿಭಾಗದ ಕಾಗದದಲ್ಲಿ ವಿನ್ಯಾಸ ದಾಖಲೆಗಳ ಕಟ್ಟು.

ಮೆಮರಿಯನ್ನು ಎರಡು ಅಂತಸ್ತಿನಲ್ಲಿಡುವುದು ಒಳ್ಳೆಯದು. ಕೆಳಗಿನದು ಕೆಲಸದ ಮೆಮರಿ, ದಿನದ ಅನುವಾದವೆಲ್ಲ ಅಲ್ಲಿಗೆ. ಮೇಲಿನದು ಮುಖ್ಯ ಮೆಮರಿ. ಎಂಜಿನಿಯರ್ ನೋಡಿ ಒಪ್ಪಿದ ದಾಖಲೆಯ ಸೆಗ್ಮೆಂಟುಗಳು ಮಾತ್ರ ಅಲ್ಲಿಗೆ ಹೋಗಲಿ. ಪ್ರತಿ ಸೆಗ್ಮೆಂಟಿಗೆ ಯಾವ ದಾಖಲೆಯಿಂದ ಬಂತು, ಯಾವಾಗ ಎಂಬ ಗುರುತು ಇರಲಿ. ಈ ಗುರುತು ಬೇಡವೆನಿಸುವುದು ಮೂರನೇ ವರ್ಷದವರೆಗೆ ಮಾತ್ರ.

ಮೂರನೇ ವರ್ಷಕ್ಕೆ ಏನಾಗುತ್ತದೆ? ಯಾರೋ ಒಂದು ಮುಖ್ಯ ಪದವನ್ನು ಬದಲಿಸುತ್ತಾರೆ. ರಿಯಾಕ್ಟರಿನ ಮೂಲಕ ನೀರು ಸುತ್ತಿಸುವ ದೊಡ್ಡ ಪಂಪನ್ನು ರಷ್ಯನ್ನರು ‘ಮುಖ್ಯ ಸಂಚಲನ ಪಂಪು’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಇಂಗ್ಲಿಷ್ ಬರಹಗಳಲ್ಲಿ ಅದನ್ನು ‘ಮೇನ್ ಸರ್ಕ್ಯುಲೇಷನ್ ಪಂಪ್’ ಎಂದೂ ‘ಮೇನ್ ಕೂಲೆಂಟ್ ಪಂಪ್’ ಎಂದೂ ನೋಡುತ್ತೇವೆ. ಪಾಶ್ಚಾತ್ಯ ರಿಯಾಕ್ಟರುಗಳಲ್ಲಿ ಅಂಥದೇ ಪಂಪಿನ ಹೆಸರು ‘ರಿಯಾಕ್ಟರ್ ಕೂಲೆಂಟ್ ಪಂಪ್’. ಮೊದಲಿನಿಂದ ಒಂದನ್ನು ಬಳಸುತ್ತ ಬಂದಿದ್ದೀರಿ, ಈಗ ಎಂಜಿನಿಯರಿಂಗ್ ವಿಭಾಗ ಇನ್ನೊಂದು ಬೇಕೆಂದು ಪತ್ರ ಬರೆಯಿತು. ಹಟ ಮಾಡಬೇಡಿ, ಒಪ್ಪಿಕೊಳ್ಳಿ. ಆದರೆ ಮೆಮರಿಯಲ್ಲಿ ಫೈಂಡ್-ರಿಪ್ಲೇಸ್ ಒತ್ತಿ ಮುಗಿಸುವ ಆಸೆಯನ್ನು ತಡೆಯಿರಿ. ಹಾಗೆ ಮಾಡಿದರೆ ಮೆಮರಿ ಹೊಸ ಹೆಸರು ಹೇಳುತ್ತದೆ, ಈಗಾಗಲೇ ಸಹಿಯಾಗಿ ಹೊರಬಿದ್ದ ನೂರಾರು ದಾಖಲೆಗಳು, ನಕ್ಷೆಗಳು, ಪಂಪಿನ ಮೇಲೆ ತೂಗುಹಾಕಿದ ಫಲಕ ಹಳೆಯ ಹೆಸರು ಹೇಳುತ್ತವೆ. ಸಂಕ್ಷಿಪ್ತ ರೂಪವನ್ನು ಯಂತ್ರ ಬದಲಿಸಿರುವುದಿಲ್ಲ, ಆದ್ದರಿಂದ ಒಂದೇ ಪ್ಯಾರಾದಲ್ಲಿ ಹೊಸ ಪೂರ್ಣ ಹೆಸರು, ಹಳೆಯ ಸಂಕ್ಷಿಪ್ತ ರೂಪ ಒಟ್ಟಿಗೆ ಕೂರುತ್ತವೆ.

ನಾನು ಮಾಡುವುದು ಹೀಗೆ. ಪದಪಟ್ಟಿಯಲ್ಲಿ ಹಳೆಯ ನಮೂದನ್ನು ಅಳಿಸುವುದಿಲ್ಲ. ಅದಕ್ಕೆ ಇಂಥ ದಿನಾಂಕದವರೆಗೆ ಎಂಬ ಗುರುತು ಹಾಕಿ, ಕೆಳಗೆ ಹೊಸದನ್ನು ಬರೆದು, ಬದಲಾವಣೆಯ ಪತ್ರದ ಸಂಖ್ಯೆ ಸೇರಿಸುತ್ತೇನೆ. ಮುಖ್ಯ ಮೆಮರಿಯಲ್ಲಿ ಆ ಪದವಿರುವ ಸೆಗ್ಮೆಂಟುಗಳನ್ನು ಹೊರತೆಗೆದು ಒಬ್ಬರು ಕೂತು ಓದಿ ತಿದ್ದುತ್ತಾರೆ, ಸಂಕ್ಷಿಪ್ತ ರೂಪವನ್ನೂ. ಹೊರಬಿದ್ದ ದಾಖಲೆಗಳನ್ನು ಮುಟ್ಟುವುದಿಲ್ಲ, ಅವು ಮುಂದಿನ ಆವೃತ್ತಿಗೆ ಬಂದಾಗ ಹೊಸ ಹೆಸರು ಪಡೆಯುತ್ತವೆ. ಅಲ್ಲಿಯವರೆಗೆ ಎರಡು ಹೆಸರೂ ಒಂದೇ ವಸ್ತುವಿನವು ಎಂದು ಪದಪಟ್ಟಿ ಸಾಕ್ಷಿ ಹೇಳುತ್ತದೆ. ಇದು ಒಂದಕ್ಕೆ ಎರಡು, ಹೌದು. ಗೊತ್ತಿದ್ದು, ಬರೆದಿಟ್ಟು ಮಾಡಿದ ಒಂದಕ್ಕೆ ಎರಡಕ್ಕೆ ನಾನು ಹೆದರುವುದಿಲ್ಲ.

ಕೊನೆಯದಾಗಿ ಕಡತಗಳ ಹಸ್ತಾಂತರ. ಮೆಮರಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾ‌ಗಿಸಲು ಟಿಎಂಎಕ್ಸ್ ಎಂಬ ವಿನಿಮಯ ರೂಪವಿದೆ. 1.4ಬಿ ಎಂಬ ಆವೃತ್ತಿ 2005ರಲ್ಲಿ ಬಂತು. ಅದನ್ನು ರೂಪಿಸಿದ ಲೀಸಾ ಎಂಬ ಸಂಘ 2011ರಲ್ಲಿ ಮುಚ್ಚಿಹೋಯಿತು, ರೂಪ ಮಾತ್ರ ಎಲ್ಲ ಕಡೆ ಓಡುತ್ತಲೇ ಇದೆ. ವಾಕ್ಯಗಳು ಅದರಲ್ಲಿ ಸುಖವಾಗಿ ದಾಟುತ್ತವೆ. ತಂತ್ರಾಂಶಗಳು ತಮ್ಮದೇ ರೀತಿಯಲ್ಲಿ ಇಟ್ಟುಕೊಂಡ ಗುರುತುಗಳು, ಒಪ್ಪಿಗೆಯ ಸ್ಥಿತಿ, ಟಿಪ್ಪಣಿ, ಕೆಲವೊಮ್ಮೆ ದಾರಿಯಲ್ಲೇ ಉದುರುತ್ತವೆ. ಪದಪಟ್ಟಿಗೆ ಟಿಬಿಎಕ್ಸ್ ಎಂಬ ಐಎಸ್ಒ ಮಾನಕವಿದೆ, ಅದರಲ್ಲೂ ಎಲ್ಲ ಟಿಪ್ಪಣಿ ಉಳಿದೀತೆಂದು ನಂಬಿ ಕೂರಬೇಡಿ. ಆದ್ದರಿಂದ ತಂತ್ರಾಂಶ ಬದಲಾಗುವ ದಿನ ಎರಡು ಕೆಲಸ ತಪ್ಪದೆ ಮಾಡಿ. ಪದಪಟ್ಟಿಯನ್ನು ಸಾದಾ ಕೋಷ್ಟಕವಾಗಿಯೂ ಒಂದು ಪ್ರತಿ ಇಡಿ, ಪ್ರತಿ ನಿರ್ಧಾರದ ಕಾರಣವಿರುವ ಕಂಬದೊಡನೆ. ಹೊಸ ತಂತ್ರಾಂಶದಲ್ಲಿ ಜದ್ವೀಷ್ಕಾದ ಷಷ್ಠಿ ಬಹುವಚನವಿರುವ ಒಂದು ವಾಕ್ಯ ತೆರೆದು, ಗೇಟ್ ವಾಲ್ವ್ ಎಂದು ಪಕ್ಕದಲ್ಲಿ ಮೂಡುತ್ತದೆಯೆ ನೋಡಿ. ಮೂಡದಿದ್ದರೆ ಹಳೆಯ ತಂತ್ರಾಂಶದ ಲೈಸೆನ್ಸನ್ನು ಇನ್ನೂ ಒಂದಷ್ಟು ದಿನ ನವೀಕರಿಸಿ.